ಅಡುಗೆ ಕಲಿಯಲು ಬರುವ ಪ್ರವಾಸಿಗರಿಗೆ ಬುಕಿಂಗ್ ಪತ್ರ ಬರೆಯುವುದು ಹೇಗೆ?

ಮೈಸೂರಿನಲ್ಲಿ ತಮ್ಮ ಮನೆಯಲ್ಲೇ ಪ್ರವಾಸಿಗರಿಗೆ ಬಿಸಿಬೇಳೆಬಾತ್ ಕಲಿಸುವ ಹಲವರ ಬುಕಿಂಗ್ ಪತ್ರಗಳನ್ನು ಓದಿದ್ದೇನೆ. ಪರಂಪರೆಯ ಬಣ್ಣನೆಗೆ ಅರ್ಧ ಪುಟ ಹೋಗಿರುತ್ತದೆ, ಪಾತ್ರೆಗೆ ಏನೇನು ಬೀಳುತ್ತದೆ ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ.

ಮೊದಲು ವಿವರಣೆ. ಯಾವ ಅಡುಗೆ, ಎಷ್ಟು ಹೊತ್ತು, ಎಷ್ಟು ಜನ, ಅತಿಥಿ ಕೈಯಾರೆ ಮಾಡುತ್ತಾರೋ ನಿಂತು ನೋಡುತ್ತಾರೋ, ಇಷ್ಟು ಸಾಕು.

ಎರಡನೆಯದು ಅಲರ್ಜಿ. ಎಲ್ಲರೂ ಎಡವುವುದು ಇಲ್ಲೇ. ‘ಅಲರ್ಜಿ ಇದೆಯೇ?’ ಎಂದಷ್ಟೇ ಕೇಳಬೇಡಿ. ನಮ್ಮ ಅಡುಗೆಯಲ್ಲಿ ಏನಿರುತ್ತದೆಂದು ತಿಳಿಯದವರು ಏನೆಂದು ಉತ್ತರಿಸಿಯಾರು? ಅಕ್ಕಿ, ತೊಗರಿಬೇಳೆ, ತುಪ್ಪ, ಗೋಡಂಬಿ, ಕೊಬ್ಬರಿ, ಸಾಸಿವೆ, ಇಂಗು ಎಂದು ಪಟ್ಟಿ ಬರೆದು, ‘ಇವುಗಳಲ್ಲಿ ಯಾವುದನ್ನು ತಿನ್ನುವುದಿಲ್ಲ?’ ಎಂದು ಕೇಳಿ. ಸಸ್ಯಾಹಾರಿ ಎಂದವರೆಲ್ಲ ತುಪ್ಪ ತಿನ್ನುತ್ತಾರೆಂದು ಎಣಿಸಬೇಡಿ. ವೀಗನ್ನರು ಹಾಲಿನ ಯಾವ ಪದಾರ್ಥವನ್ನೂ ಮುಟ್ಟುವುದಿಲ್ಲ.

ಒಮ್ಮೆ ನಮ್ಮಲ್ಲಿಗೆ ಗೋಧಿ ಒಗ್ಗದ ಅತಿಥಿಯೊಬ್ಬರು ಬರುವವರಿದ್ದರು. ಅಕ್ಕಿ, ಬೇಳೆಯ ಅಡುಗೆಗೆ ಗೋಧಿ ಎಲ್ಲಿಂದ ಬರಬೇಕು ಎಂದು ನಿಶ್ಚಿಂತೆಯಿಂದಿದ್ದೆ. ಹಿಂದಿನ ಸಂಜೆ ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ, ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು! ಅಪ್ಪಟ ಇಂಗಿನ ಘಾಟು ಬಲು ಜೋರಾದ್ದರಿಂದ ಪುಡಿ ಇಂಗಿಗೆ ಗೋಂದು, ಹಿಟ್ಟು ಬೆರೆಸುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಸಿಗದಿದ್ದರೆ ಇಂಗು ಬಿಟ್ಟೇ ಮಾಡಿ. ಅಂಗಡಿಯ ಸಿದ್ಧ ಬಿಸಿಬೇಳೆಬಾತ್ ಪುಡಿಯನ್ನಂತೂ ತರಗತಿಗೆ ತರಲೇಬೇಡಿ. ಅದರಲ್ಲಿ ಯಾವ ಇಂಗು ಬಿದ್ದಿದೆಯೋ ಹೇಳಲಾಗದು, ಹುರಿದು ಪುಡಿ ಮಾಡುವ ಕೆಲಸವೂ ಅತಿಥಿಯ ಕೈತಪ್ಪುತ್ತದೆ.

ಬೆಳಿಗ್ಗೆ ಕಡಲೆಕಾಯಿ ಚಟ್ನಿ ರುಬ್ಬಿದ ಮಿಕ್ಸಿ ಜಾರ್ ಅನ್ನೂ ನೆನಪಿಡಿ. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಉಳಿದ ಚೂರು ಸಾಕು, ಕೆಲವರ ಗಂಟಲು ಊದಿಕೊಳ್ಳುತ್ತದೆ. ಅಂಥ ತೀವ್ರ ಅಲರ್ಜಿ ಇದೆ ಎಂದವರಿಗೆ, ‘ನಮ್ಮ ಅಡುಗೆಮನೆಯಲ್ಲಿ ಕಡಲೆಕಾಯಿ ಬಳಸುತ್ತೇವೆ, ನಿಮ್ಮನ್ನು ಸೇರಿಸಿಕೊಳ್ಳಲಾಗದು’ ಎಂದು ಬರೆದು ಹಣ ಹಿಂದಿರುಗಿಸಿ.

ಉಡುಪಿನ ಬಗ್ಗೆ ಎರಡು ಮಾತು ಸಾಕು: ಮೈಮುಚ್ಚುವ ಹತ್ತಿ ಬಟ್ಟೆ, ಜೋಲುವ ತೋಳು ಬೇಡ. ಕಾಯಿ ತುರಿಯಲು ನೆಲದ ಮೇಲೆ ಕೂರಿಸುವಿರಾದರೆ ಸಡಿಲವಾದ ಪ್ಯಾಂಟ್ ಹಾಕಿಕೊಳ್ಳಲು ತಿಳಿಸಿ. ಚಪ್ಪಲಿ ಬಾಗಿಲಲ್ಲೇ ಬಿಡಬೇಕೆಂಬುದನ್ನೂ ಮೊದಲೇ ಹೇಳಿ. ತರಬೇಕಾದದ್ದು ಕುಡಿಯುವ ನೀರು, ತಮ್ಮ ಔಷಧಿ, ಉಳಿದ ಬಾತ್ ಒಯ್ಯಲು ಒಂದು ಡಬ್ಬಿ.

ಅಲರ್ಜಿಯ ಉತ್ತರ ಕೈಸೇರಿದ ಮೇಲೆಯೇ ಬುಕಿಂಗ್ ಖಚಿತಪಡಿಸಿ. ದಿನಾಂಕವನ್ನು 5/6 ಎಂದು ಬರೆದರೆ ಅಮೆರಿಕದವರು ಮೇ 6 ಎಂದು ಓದುತ್ತಾರೆ, ಹಾಗಾಗಿ ತಿಂಗಳ ಹೆಸರು ಬರೆಯಿರಿ. ಸಮಯ, ಮನೆಯ ಗುರುತು, ಶುಲ್ಕ, ರದ್ದತಿಯ ನಿಯಮ ಸೇರಿಸಿ. ಕೊನೆಯಲ್ಲಿ ಅತಿಥಿ ಹೇಳಿದ್ದನ್ನೇ ಅವರಿಗೆ ತಿರುಗಿ ಬರೆಯಿರಿ: ‘ನಿಮಗೆ ಗೋಧಿ ಒಗ್ಗದು ಎಂದಿದ್ದೀರಿ. ಅಂದು ಗೋಧಿಯಿಲ್ಲದ ಇಂಗನ್ನೇ ಬಳಸುತ್ತೇವೆ. ಬೇರೇನಾದರೂ ಇದ್ದರೆ ಹಿಂದಿನ ದಿನ ಸಂಜೆಯೊಳಗೆ ತಿಳಿಸಿ.’