ಆರು ಹೆಗಲು ದೂರ

ನನ್ನ ಕಾದಂಬರಿಯಲ್ಲಿ ಕಡಲ ತೀರದಿಂದ ಘಟ್ಟ ಹತ್ತಿ ಉಪ್ಪು ಮಾರುವ ಒಂದು ಕುಟುಂಬವಿದೆ. ನಾಡು ಪೂರ್ತಿ ಕಾಲ್ಪನಿಕ. ಬರೆಯೋಕೆ ಕೂರುವ ಮೊದಲೇ ಒಂದು ಕೋಷ್ಟಕ ಮಾಡಿಟ್ಟಿದ್ದೆ. ಹತ್ತು ತಿಂಗಳ ವರ್ಷ, ನೂರು ಕಾಸಿಗೆ ಒಂದು ನಾಣ್ಯ, ಸಾವಿರ ಹೆಜ್ಜೆಗೆ ಒಂದು ಅಳತೆ. ಎಲ್ಲಕ್ಕೂ ನಾಲಿಗೆ ತಿರುಗದ ಹೆಸರು. ಮೂರು ಅಧ್ಯಾಯ ಓದಿದ ಗೆಳತಿ ಕೇಳಿದಳು, "ಇದು ಕಿಲೋಮೀಟರೇ ಅಲ್ವಾ? ಹೆಸರು ಬೇರೆ ಅಷ್ಟೇ."

ಅವಳು ಹೇಳಿದ್ದು ಸರಿ. ನಮ್ಮ ಹಳೆಯ ಅಳತೆಗಳು ಮೈಯಿಂದ ಹುಟ್ಟಿದವು. ಗೇಣು, ಮೊಳ, ಮಾರು. 'ಕೂಗಳತೆ ದೂರ' ಅಂದರೆ ಕೂಗಿದರೆ ಕೇಳಿಸುವಷ್ಟು. ಹಾಗಾದರೆ ಉಪ್ಪು ಹೊರುವವರು ದೂರವನ್ನು ಯಾವುದರಿಂದ ಅಳೆಯಬಹುದು? ಮೂಟೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುವವರೆಗೆ ನಡೆದಷ್ಟು ದಾರಿ. ಅದಕ್ಕೆ 'ಹೆಗಲು' ಅಂತಲೇ ಹೆಸರಿಟ್ಟೆ.

ನನ್ನ ಲೆಕ್ಕಕ್ಕೆ ಒಂದು ಹೆಗಲು ಅಂದರೆ ಸುಮಾರು ಕಾಲು ಗಂಟೆಯ ನಡಿಗೆ. ಬಯಲಿನಲ್ಲಿ ಒಂದು ಕಿಲೋಮೀಟರ್, ಘಟ್ಟದ ಏರಿನಲ್ಲಿ ಅದರ ಅರ್ಧ. ದಿನಕ್ಕೆ ಇಪ್ಪತ್ನಾಲ್ಕು ಹೆಗಲು ನಡೆದರೆ ಜಾಸ್ತಿಯೇ ಆಯಿತು. ಈ ಲೆಕ್ಕ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು, ಕಥೆಯಲ್ಲಿ ಎಲ್ಲೂ ಬಿಡಿಸಿ ಹೇಳಲಿಲ್ಲ. ಅಳತೆ ಏರಿನಲ್ಲಿ ಕುಗ್ಗುತ್ತದೆ ಅನ್ನೋದೇ ನನಗೆ ಇಷ್ಟವಾದದ್ದು. ನಕ್ಷೆಯಲ್ಲಿ ಹತ್ತಿರ ಕಾಣುವ ಊರು ನಡೆಯುವವನಿಗೆ ದೂರ.

ಆಮೇಲೆ ಆ ಅಳತೆಯೇ ಕಥೆಗೆ ಒಂದು ದೃಶ್ಯ ಕೊಟ್ಟಿತು. ಅಲ್ಲಿ ಯಾರೇ ಹೊರಟರೂ ಮೂಟೆಯನ್ನು ಮೊದಲು ಬಲ ಹೆಗಲಿಗೇ ಏರಿಸುವುದು ರೂಢಿ. ಒಬ್ಬ ಬಂದು, ಆರು ಹೆಗಲು ದೂರದ ಸುಂಕದ ಕಟ್ಟೆಯಿಂದ ನೇರವಾಗಿ ಬಂದೆ ಅನ್ನುತ್ತಾನೆ. ಅರವಟ್ಟಿಗೆಯಲ್ಲಿ ನೀರು ಕೊಡುವ ಅಜ್ಜಿ ಅವನನ್ನೇ ನೋಡಿ, "ಆರು ಹೆಗಲು ನಡೆದವನ ಮೂಟೆ ಎಡಕ್ಕಿರಬೇಕಲ್ಲಪ್ಪಾ?" ಅನ್ನುತ್ತಾಳೆ. ಅವನ ಮೂಟೆ ಬಲ ಹೆಗಲಿನ ಮೇಲಿತ್ತು. ಸಾವಿರ ಹೆಜ್ಜೆಯ ಅಳತೆಯಿಂದ ಇಂಥದ್ದು ಹುಟ್ಟುತ್ತಿರಲಿಲ್ಲ.

ದುಡ್ಡಿನಲ್ಲಿ ನಾನು ಎಡವಿದ್ದು ಜಾಸ್ತಿ. ನೂರರ ಲೆಕ್ಕ ಬಿಟ್ಟು, ಒಂದು ಬಿಲ್ಲೆಗೆ ಹದಿನಾರು ಕಾಳು ಅಂತ ಮಾಡಿದೆ. ಹದಿನಾರನ್ನು ಅರ್ಧ, ಕಾಲು, ಅರೆಕಾಲು ಮಾಡುತ್ತಾ ಹೋದರೂ ಚಿಲ್ಲರೆ ಉಳಿಯುವುದಿಲ್ಲ, ಸಂತೆಯ ಚೌಕಾಶಿಗೆ ಸಲೀಸು. ನಮ್ಮ ರೂಪಾಯಿಗೂ 1957ರವರೆಗೆ ಹದಿನಾರು ಆಣೆಯೇ ಇತ್ತಲ್ಲ. ಆಣೆ ಹೋದರೂ 'ಹದಿನಾರಾಣೆ ಸತ್ಯ' ಅನ್ನೋ ಮಾತು ಉಳಿದಿದೆ. ಹಾಗಾಗಿ ನನ್ನವರೂ ಅರೆನಂಬಿಕೆಯವನನ್ನು 'ಹದಿನೈದು ಕಾಳಿನವನು' ಅನ್ನುತ್ತಾರೆ.

ಆದರೆ ಬೆಲೆಗಳನ್ನು ಸುಮ್ನೆ ತೋಚಿದಂತೆ ಬರೆದಿದ್ದೆ. ಹೊರುವವನ ದಿನಗೂಲಿ ಮೂರು ಕಾಳು. ಐದನೇ ಅಧ್ಯಾಯದಲ್ಲಿ ಒಂದು ಕುದುರೆ ಎರಡು ಬಿಲ್ಲೆಗೆ, ಅಂದರೆ ಮೂವತ್ತೆರಡು ಕಾಳಿಗೆ ಮಾರಾಟ! ಹನ್ನೊಂದು ದಿನ ದುಡಿದರೆ ಕುದುರೆ ಸಿಗುವ ನಾಡಿನಲ್ಲಿ ಯಾರು ತಾನೇ ಮೂಟೆ ಹೊರುತ್ತಾರೆ? ಅದನ್ನು ಇಪ್ಪತ್ತು ಬಿಲ್ಲೆಗೆ ಏರಿಸಿದೆ, ನೂರು ದಿನಕ್ಕೂ ಮೇಲಿನ ಕೂಲಿ. ಅಂದಿನಿಂದ ಯಾವ ಬೆಲೆ ಬರೆದರೂ ಮೂರರಿಂದ ಭಾಗಿಸಿ, ಎಷ್ಟು ದಿನದ ಕೂಲಿ ಅಂತ ನೋಡುತ್ತೇನೆ. ಉಪ್ಪಿನದನ್ನೂ ಹೀಗೇ ಕೂಡಿಸಿದೆ. ಕೆಳಗೆ ಒಂದು ಮೂಟೆಗೆ ಹದಿನಾರು ಕಾಳು, ಎರಡು ದಿನದ ಕೂಲಿ ಆರು, ಸುಂಕ ಒಂದು. ಮೇಲಿನ ಸಂತೆಯಲ್ಲಿ ಇಪ್ಪತ್ಮೂರಕ್ಕಿಂತ ಕಡಿಮೆಗೆ ಮಾರಿದರೆ ನಷ್ಟ. ಈ ಒಂದು ಸಂಖ್ಯೆ ಗೊತ್ತಾದ ಮೇಲೆ ಚೌಕಾಶಿಯ ಮಾತುಗಳು ತಾವಾಗಿಯೇ ಬಂದವು.

ಪಂಚಾಂಗಕ್ಕೆ ಪ್ರಾಚೀನ ಈಜಿಪ್ಟಿನ ಕ್ರಮವನ್ನೇ ಎರವಲು ಪಡೆದೆ. ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಯಾವ ತಿಂಗಳಿಗೂ ಸೇರದ ಐದು ದಿನ. ಆ ಐದು ದಿನ ಸಾಲಕ್ಕೆ ಬಡ್ಡಿ ಓಡುತ್ತದೋ ಇಲ್ಲವೋ? ಕೊಟ್ಟವನು ಓಡುತ್ತದೆ ಅನ್ನುತ್ತಾನೆ, ತಗೊಂಡವನು ಇಲ್ಲ ಅನ್ನುತ್ತಾನೆ. ದಿನಕ್ಕೆ ಅರ್ಧ ಕಾಳಿನಂತೆ ಎರಡೂವರೆ ಕಾಳು, ಹೆಚ್ಚುಕಮ್ಮಿ ಒಂದು ದಿನದ ಕೂಲಿ. ಅಷ್ಟಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಈ ಜಗಳ ಬರೆದ ಮೇಲೆ ಪಂಚಾಂಗದ ವಿವರಣೆಯಿದ್ದ ಒಂದೂವರೆ ಪುಟವನ್ನು ಕಿತ್ತು ಹಾಕಿದೆ.

ಚಂದ್ರ ಮಾತ್ರ ಕಾಟ ಕೊಟ್ಟ. (ಎರಡು ಚಂದ್ರರನ್ನು ಇಡುವ ಆಸೆ ಇತ್ತು. ಕಡಲ ಉಬ್ಬರವಿಳಿತದ ಲೆಕ್ಕ ನೆನೆದು ಕೈಬಿಟ್ಟೆ.) ಪ್ರತಿ ತಿಂಗಳ ಹದಿನೈದಕ್ಕೆ ಹುಣ್ಣಿಮೆ ಅಂತ ಬರೆಯುತ್ತಾ ಹೋಗಿದ್ದೆ. ಆದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ತಿಂಗಳಿಗೆ ಅರ್ಧ ದಿನದಂತೆ ಹಿಂದೆ ಸರಿದು, ವರ್ಷದ ಕೊನೆಯ ತಿಂಗಳಲ್ಲಿ ಅದು ಒಂಬತ್ತು ಹತ್ತನೇ ತಾರೀಖಿಗೇ ಬಂದುಬಿಡುತ್ತದೆ. ಕೊನೆಯ ಅಧ್ಯಾಯದಲ್ಲಿ ಹದಿನೈದರ ರಾತ್ರಿ, ಬೆಳದಿಂಗಳಲ್ಲಿ ಕಳ್ಳದಾರಿ ಹಿಡಿದು ಘಟ್ಟ ಇಳಿಯುವ ದೃಶ್ಯವಿತ್ತು. ಲೆಕ್ಕದ ಪ್ರಕಾರ ಅಂದು ಚಂದ್ರ ಮೂಡುವುದೇ ನಡುರಾತ್ರಿಯ ಹೊತ್ತಿಗೆ, ಅದೂ ಅರೆಚಂದ್ರ. ತಾರೀಖು ಬದಲಿಸಬಹುದಿತ್ತು. ಬದಲಿಸದೆ ಅವರನ್ನು ಕತ್ತಲಲ್ಲೇ ಇಳಿಸಿದೆ, ಹೆಗಲು ಬದಲಿಸಿದ್ದನ್ನು ಎಣಿಸಿಕೊಂಡು ದಾರಿ ಅಂದಾಜು ಮಾಡುತ್ತಾ.