ಕಲ್ಲಿನ ಪಾಯದ ಮೇಲೆ ದಮ್ಮಸಿನ ಮಣ್ಣುಗೋಡೆ: ಕಟ್ಟುವುದು ಹೇಗೆ?

ಶ್ರೀರಂಗಪಟ್ಟಣದ ಸುತ್ತ ತೋಟದಲ್ಲೊಂದು ಕೋಣೆ ಕಟ್ಟಬೇಕು ಅಂದುಕೊಳ್ಳಿ. ಒಳಗೆ 12 ಅಡಿ ಅಗಲ, 18 ಅಡಿ ಉದ್ದ. ಪಾಯದಿಂದ ನೆಲಮಟ್ಟದ ಮೇಲೆ 2 ಅಡಿವರೆಗೆ ಸೈಜುಗಲ್ಲು. ಅದರ ಮೇಲೆ 9 ಅಡಿ ಎತ್ತರಕ್ಕೆ, ಹಲಗೆ ಕಟ್ಟಿ ದಮ್ಮಸು ಹಾಕಿದ ಮಣ್ಣಿನ ಗೋಡೆ. ಇಂಥ ಗೋಡೆ ಹಾಳಾಗುವುದು ಹೆಚ್ಚಾಗಿ ಎರಡು ಕಡೆ: ಕಲ್ಲೂ ಮಣ್ಣೂ ಸೇರುವ ಜಾಗದಲ್ಲಿ, ಮತ್ತೆ ಕಿಟಕಿಯ ಸುತ್ತ.

ಮೊದಲು ದಪ್ಪ ಲೆಕ್ಕ ಹಾಕೋಣ. ಮಣ್ಣಿನ ಗೋಡೆಯ ಎತ್ತರ ಅದರ ದಪ್ಪದ 8 ಪಟ್ಟು ಮೀರಬಾರದು. ಅಡ್ಡಗೋಡೆಯ ಆಸರೆ ಇಲ್ಲದ ಉದ್ದ 10 ಪಟ್ಟು ಮೀರಬಾರದು. 9 ಅಡಿ ಅಂದರೆ 108 ಇಂಚು. ಎಂಟರಿಂದ ಭಾಗಿಸಿದರೆ ಹದಿಮೂರೂವರೆ ಬರುತ್ತದೆ. ಆದರೆ 12 ಅಡಿಯ ಗೋಡೆಗೆ 10 ಪಟ್ಟಿನ ಲೆಕ್ಕದಲ್ಲಿ ಸುಮಾರು ಹದಿನಾಲ್ಕೂವರೆ ಇಂಚಾದರೂ ಬೇಕು. ಹಾಗಾಗಿ 16 ಇಂಚು ಇಟ್ಟುಕೊಳ್ಳಿ. 18 ಅಡಿಯ ಗೋಡೆಗೆ ಅದೂ ಸಾಲದು. ಅದರ ನಡುವೆ ಒಂದು ಆನಿಕೆ ಕಂಬವನ್ನು ಅದೇ ಮಣ್ಣಿನಲ್ಲಿ, ಗೋಡೆಯ ಜೊತೆಗೇ ಎಬ್ಬಿಸಬೇಕು.

ಕಲ್ಲಿನ ಗೋಡೆ 18 ಇಂಚು ಇರಲಿ. ಇಲ್ಲಿ ಮೇಸ್ತ್ರಿಗಳು ಸುಲಭದ ದಾರಿ ಹಿಡಿಯುವುದುಂಟು: ಒಳಗೊಂದು ಸಾಲು, ಹೊರಗೊಂದು ಸಾಲು ಕಲ್ಲಿಟ್ಟು ನಡುವೆ ಚಕ್ಕೆ ತುಂಬುವುದು. ಕೆಲವು ವರ್ಷಕ್ಕೆ ಎರಡೂ ಸಾಲು ಬೇರೆಯಾಗಿ ಗೋಡೆ ಹೊಟ್ಟೆ ಬಿಡುತ್ತದೆ. ಅದಕ್ಕೇ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಕಟ್ಟುಗಲ್ಲನ್ನು ಉದ್ದದಲ್ಲಿ 4 ಅಡಿಗೊಂದು, ಎತ್ತರದಲ್ಲಿ 2 ಅಡಿಗೊಂದರಂತೆ ಇಡಿಸಿ. ಇಟ್ಟ ಕೂಡಲೇ ಎರಡೂ ಬದಿ ಬಣ್ಣದ ಗುರುತು ಹಾಕಿಸಿ. ಇಲ್ಲದಿದ್ದರೆ ಆಮೇಲೆ ಹುಡುಕಲು ಆಗುವುದಿಲ್ಲ.

ಕಲ್ಲಿನ ಮೇಲೆ, ತೇವ ಮೇಲೇರದಂತೆ, 3 ಇಂಚಿನ ಕಾಂಕ್ರೀಟ್ ಬೆಡ್ ಬರುತ್ತದೆ. ಕಲ್ಲು 18 ಇಂಚು, ಮಣ್ಣು 16 ಇಂಚು. ಉಳಿಯುವ 2 ಇಂಚು ಎಲ್ಲಿಗೆ ಹೋಗಬೇಕು? ಒಳಗೆ. ಹೊರಗೆ ಬಿಟ್ಟರೆ ಅದೊಂದು ಮೆಟ್ಟಿಲಾಗಿ ಮಳೆನೀರು ಅಲ್ಲೇ ನಿಂತು ಮಣ್ಣಿನ ಬುಡವನ್ನು ನೆನೆಸುತ್ತದೆ. ಹೊರಮೈಯಲ್ಲಿ ಕಲ್ಲು, ಬೆಡ್, ಮಣ್ಣು ಮೂರೂ ಒಂದೇ ತೂಗುಗುಂಡಿನ ಸಾಲಿಗೆ ಬರಬೇಕು.

ಮಣ್ಣಿನ ವಿಷಯ. ನಾಲೆ ಬಯಲಿನ ಎರೆಮಣ್ಣು ಬೇಡವೇ ಬೇಡ, ಒಣಗಿದಾಗ ಬಿರಿಯುತ್ತದೆ. ಮೇಲಿನ ಒಂದಡಿ ಬೇರುಮಣ್ಣು ತೆಗೆದು ಕೆಳಗಿನ ಕೆಮ್ಮಣ್ಣು ತನ್ನಿ. ಅದೂ ಜಾಸ್ತಿ ಅಂಟಾಗಿದ್ದರೆ ಎಂ-ಸ್ಯಾಂಡ್ ಬೆರೆಸಿ ಹದ ಮಾಡಿ. ಹೊರಗೋಡೆಯಾದ್ದರಿಂದ 16 ಬಾಂಡ್ಲಿಗೆ 1 ಬಾಂಡ್ಲಿ ಸಿಮೆಂಟ್ ಇರಲಿ. ನೀರಿನ ಹದಕ್ಕೆ ಉಂಡೆ ಕಟ್ಟಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಕಡಿಮೆ, ಒಡೆಯದೆ ಚಪ್ಪಟೆಯಾದರೆ ಜಾಸ್ತಿ. ನಾಲ್ಕಾರು ಹೋಳಾದರೆ ಸರಿ.

ಸಿಮೆಂಟ್ ಬೆರೆಸಿದ ಮಣ್ಣು ಒಂದು ಗಂಟೆಯೊಳಗೆ ಮುಗಿಯಬೇಕು. ಹಲಗೆಗಳ ನಡುವೆ 6 ಇಂಚು ಸಡಿಲ ಮಣ್ಣು ಹರವಿ, ಅದು ಸುಮಾರು 4 ಇಂಚಿಗೆ ಇಳಿಯುವವರೆಗೆ ದಮ್ಮಸು ಹಾಕಿ. ಶುರುವಿಗೆ ಬರುವ ಮೆತ್ತನೆಯ ಶಬ್ದ ಕೊನೆಗೆ ಗಟ್ಟಿಯಾಗಿ ಕೇಳುತ್ತದೆ. ಕೆಲಸದವರು ಅದನ್ನು ಕೇಳಿಯೇ ನಿಲ್ಲಿಸುತ್ತಾರೆ. ಹಲಗೆಯ ಮೂಲೆಯಲ್ಲಿ ಮುಕ್ಕೋನದ ಮರದ ಪಟ್ಟಿ ಹೊಡೆದಿದ್ದರೆ ಗೋಡೆಯ ಅಂಚು ಚೂಪಾಗಿ ಮುರಿಯುವುದಿಲ್ಲ. ವಿದ್ಯುತ್ ಪೈಪನ್ನು ಆಗಲೇ ಒಳಗೆ ಕೂರಿಸಿ, ಆಮೇಲೆ ಗೋಡೆ ಕೊರೆಯಬಾರದು. ಹಲಗೆ ತೆಗೆದ ಮೇಲೆ ಒದ್ದೆ ಗೋಣಿತಾಟು ಹೊದಿಸಿ 3 ವಾರ ತೇವ ಆರದಂತೆ ನೋಡಿಕೊಳ್ಳಿ.

ಕಿಟಕಿ, ಬಾಗಿಲು 4 ಅಡಿಗಿಂತ ಅಗಲ ಬೇಡ. ಹೊರಮೂಲೆಯಿಂದ ಕನಿಷ್ಠ 4 ಅಡಿ ದೂರ ಇರಲಿ. ನಮ್ಮ ಉದ್ದದ ಗೋಡೆ ಹೊರಗಡೆ 20 ಅಡಿ 8 ಇಂಚು. ಮೂರೂವರೆ ಅಡಿಯ ಎರಡು ಕಿಟಕಿ ಇಟ್ಟರೆ ಎರಡು ತುದಿಯಲ್ಲೂ ನಡುವೆಯೂ ಸುಮಾರು ನಾಲ್ಕೂವರೆ ಅಡಿ ಗೋಡೆ ಉಳಿಯುತ್ತದೆ. ಆನಿಕೆ ಕಂಬ ಆ ನಡುವಿನ ತುಂಡಿಗೇ ಬರಲಿ. ಲಿಂಟಲ್ ಮಾತ್ರ ಇಟ್ಟಿಗೆ ಗೋಡೆಯಂತೆ 6 ಇಂಚು ಕೂತರೆ ಸಾಲದು. ಎರಡೂ ಬದಿ 20 ಇಂಚು ಗೋಡೆಯ ಮೇಲೆ ಕೂರಬೇಕು. ಅಂದರೆ ಮೂರೂವರೆ ಅಡಿ ಕಿಟಕಿಗೆ 6 ಅಡಿ 10 ಇಂಚಿನ ಲಿಂಟಲ್. ಗಿಡ್ಡವಾದರೆ ಅದರ ತುದಿಯಲ್ಲೇ ಭಾರವೆಲ್ಲ ಬಿದ್ದು, ಅಲ್ಲಿಂದ ಬಿರುಕು ಓರೆಯಾಗಿ ಹೊರಡುತ್ತದೆ. ಕಿಟಕಿಯ ಕೆಳಗೆ ಚಪ್ಪಡಿ ಹಾಕಿ ಹೊರಕ್ಕೆ 2 ಇಂಚು ಚಾಚಿಸಿ, ಅದರ ಅಡಿಯಲ್ಲಿ ಉದ್ದಕ್ಕೊಂದು ಸಣ್ಣ ತೋಡು ಕೊರೆಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿಯುವುದಿಲ್ಲ.

ಸೂರು 2 ಅಡಿ ಹೊರಚಾಚಿರಲಿ. ಮೊದಲ ಮುಂಗಾರು ಮುಗಿದ ಮೇಲೆ ಮಣ್ಣಿನ ಗೋಡೆಯ ಬುಡದ ಒಂದಡಿ ನೋಡಿ. ಬಿಳಿ ಉಪ್ಪು ಕಾಣಿಸಿದರೆ, ಬೆರಳಲ್ಲಿ ಉಜ್ಜಿದರೆ ಮಣ್ಣು ಉದುರಿದರೆ, ತೇವ ಬರುತ್ತಿದೆ ಅಂತ ಅರ್ಥ. ಸುಮ್ನೆ ಅದರ ಮೇಲೆ ಸಿಮೆಂಟ್ ಗಾರೆ ಬಳಿಯಬೇಡಿ, ತೇವ ಒಳಗೇ ಸಿಕ್ಕಿಕೊಂಡು ಗಾರೆ ಹಪ್ಪಳದ ಹಾಗೆ ಕಳಚುತ್ತದೆ. ಸೂರಿನ ನೀರು ಎಲ್ಲಿ ಬಿದ್ದು ಸಿಡಿಯುತ್ತಿದೆ, ಅಂಗಳದ ಮಣ್ಣು ಏರಿ ಬೆಡ್ ಮುಟ್ಟಿದೆಯಾ ಎಂದು ನೋಡಿ ಅದನ್ನು ಮೊದಲು ಸರಿಪಡಿಸಿ. ಗೋಡೆ ಪೂರ್ತಿ ಒಣಗಿದ ಮೇಲೆ ಉದುರಿದ ಜಾಗವನ್ನು ಅದೇ ಮಣ್ಣಿನ ಮಿಶ್ರಣದಿಂದ ಮೆತ್ತಿ.