ಸಹಿ ಹಾಕ್ಲಾ, ಬೇಡ್ವಾ? ಕರಿಕೋಟು ಬಿಟ್ಟ ಮೇಲೆ ಕಲಿತ ಬರವಣಿಗೆ

ಶಿವಮೊಗ್ಗ ಕೋರ್ಟಿನಲ್ಲಿ ಆರು ವರ್ಷ ವಾಯಿದೆ ಹಿಡಿದು ಓಡಾಡಿದ ಮೇಲೆ ಬೆಂಗಳೂರಿನ ಕಂಪನಿಯೊಂದರಿಂದ ಸಂಬಳದ ಕೆಲಸಕ್ಕೆ ಕರೆ ಬಂತು. ನಾನು ಹೋಗಲಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವಂತಿಲ್ಲ. ಹಿಡಿದರೆ ಹೆಸರು ನೋಂದಾಯಿಸಿದ ರಾಜ್ಯ ಪರಿಷತ್ತಿಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ಸನ್ನದು ಕೈಬಿಡಲು ಮನಸ್ಸಾಗಲಿಲ್ಲ. ತಿಂಗಳಿಗಿಷ್ಟು ಶುಲ್ಕ ಪಡೆದು ಕಂಪನಿಗಳಿಗೆ ಸಲಹೆ ಕೊಡಲು ಈ ಅಡ್ಡಿಯಿಲ್ಲ. ಆ ದಾರಿ ಹಿಡಿದೆ.

ಮೊದಲ ಗಿರಾಕಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫೌಂಡ್ರಿಯ ಮಾಲೀಕರು. ಹೊರರಾಜ್ಯದ ದೊಡ್ಡ ವಾಹನ ಕಂಪನಿಯೊಂದು ಎರಕದ ಪೀಸು ಕೊಳ್ಳಲು ಕಳಿಸಿದ ಹದಿನಾಲ್ಕು ಪುಟದ ಕರಾರು ತಂದಿದ್ದರು. ನಾನು ಮೂರು ರಾತ್ರಿ ಕೂತು ಒಂಬತ್ತು ಪುಟದ ಅಭಿಪ್ರಾಯ ಬರೆದೆ. ಕಲಮುಗಳು, ತೀರ್ಪುಗಳು, 'ಮೇಲೆ ವಿವರಿಸಿದ ಕಾರಣಗಳಿಂದ' ಎಲ್ಲ ಇತ್ತು. ಅವರು ಎರಡನೇ ಪುಟಕ್ಕೇ ಕನ್ನಡಕ ತೆಗೆದರು. "ಮೇಡಂ, ಇದೆಲ್ಲ ಸರಿ. ಸಹಿ ಹಾಕ್ಲಾ, ಬೇಡ್ವಾ? ಅಷ್ಟು ಹೇಳಿ." ನ್ಯಾಯಾಧೀಶರಿಗೆ ಬರೆಯುವ ಚಟ ನನ್ನನ್ನು ಬಿಟ್ಟಿರಲಿಲ್ಲ. ಅವತ್ತು ಆದ ಅವಮಾನ ಇಂದಿಗೂ ನೆನಪಿದೆ.

ಮರುದಿನ ಅದನ್ನೇ ಒಂದು ಹಾಳೆಗೆ ಇಳಿಸಿದೆ, ಕನ್ನಡದಲ್ಲಿ, ಮೂರು ಅಂಕಣ ಮಾಡಿ: ಷರತ್ತು ಏನು ಹೇಳುತ್ತದೆ, ಅದರಿಂದ ನಿಮಗೆ ಎಷ್ಟು ರೂಪಾಯಿ ಹೋಗುತ್ತದೆ, ಬದಲಿಗೆ ಏನು ಕೇಳಬೇಕು. ನಡುವಿನ ಅಂಕಣ ಬರೆಯಲು ಕಾನೂನು ಪುಸ್ತಕ ಸಾಲದು, ಅವರ ಲೆಕ್ಕದ ಪುಸ್ತಕ ಬೇಕು. ಅದಕ್ಕೇ ಅರ್ಧ ದಿನ ಅವರ ಶೆಡ್ಡಿನಲ್ಲೇ ಕೂತೆ.

ಹಣಪಾವತಿಗೆ 90 ದಿನ ಎಂದಿತ್ತು. ಎರಕದ ಒಂದು ಪೀಸಿಗೆ 180 ರೂಪಾಯಿ, ತಿಂಗಳಿಗೆ 4,000 ಪೀಸು, ಅಂದರೆ 7.2 ಲಕ್ಷ. ಮೂರು ತಿಂಗಳಾದರೆ 21.6 ಲಕ್ಷ ಹೊರಗೇ ಉಳಿಯುತ್ತದೆ. ಮೆಸ್ಕಾಂ ಬಿಲ್ಲು, ಕೂಲಿ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಅವರ ಘಟಕ ಸರ್ಕಾರದ ಉದ್ಯಮ್ ಜಾಲತಾಣದಲ್ಲಿ 'ಸಣ್ಣ' ಎಂದು ನೋಂದಣಿಯಾಗಿತ್ತು. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆಂದು ಬಂದ 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಕಲಮಿನಂತೆ, ಅಂಥ ಘಟಕದ ಜೊತೆ ಲಿಖಿತ ಕರಾರಿದ್ದರೂ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಆದರೆ ಗಿರಾಕಿಯ ಮೇಲೆ ಬಡ್ಡಿಗೆ ದಾವೆ ಹೂಡುವ ಫೌಂಡ್ರಿ ಎಲ್ಲಿದೆ? ಮುಂದಿನ ಆರ್ಡರೇ ಬರುವುದಿಲ್ಲ. ನಾನು ಹಿಡಿದದ್ದು ಬೇರೆ ಎಳೆ. 2023ರ ಹಣಕಾಸು ಕಾಯ್ದೆ ವರಮಾನ ತೆರಿಗೆಯಲ್ಲಿ ಒಂದು ತಿದ್ದುಪಡಿ ತಂದಿತ್ತು: ಸೂಕ್ಷ್ಮ, ಸಣ್ಣ ಘಟಕಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ ಖರೀದಿದಾರ ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಹಾಗಾಗಿ ಪತ್ರ ಹೋದದ್ದು ಖರೀದಿ ವಿಭಾಗಕ್ಕೆ ಮಾತ್ರ ಅಲ್ಲ, ಪ್ರತಿ ಅವರ ಲೆಕ್ಕಪತ್ರ ವಿಭಾಗಕ್ಕೂ. ಉದ್ಯಮ್ ಪ್ರಮಾಣಪತ್ರ ಲಗತ್ತಿಸಿದೆ. ಜಗಳದ ಒಂದು ಪದವೂ ಬಳಸಲಿಲ್ಲ. 45 ದಿನಕ್ಕೆ ಒಪ್ಪಿಗೆ ಬಂತು.

ಗೆದ್ದೆ ಅಂದುಕೊಂಡೆ. ಮರಳಿ ಬಂದ ಕರಡು ಓದಿದರೆ 45 ದಿನ ಶುರುವಾಗುವುದು 'ನಮ್ಮ ಸ್ಟೋರ್ಸ್ ತಪಾಸಣೆ ಮುಗಿಸಿ ದಾಖಲಿಸಿದ ದಿನದಿಂದ'. ಮಾಲು ಒಂದು ತಿಂಗಳು ಅವರ ಅಂಗಳದಲ್ಲಿ ಬಿದ್ದಿದ್ದರೆ ಲೆಕ್ಕ ಶುರುವೇ ಆಗುವುದಿಲ್ಲ. ಅಂಕಿಗಿಂತ ಅದು ಎಣಿಕೆಗೆ ಬರುವ ದಿನ ಮುಖ್ಯ. ಅದನ್ನು ಮೊದಲ ಓದಿನಲ್ಲೇ ನೋಡಬೇಕಿತ್ತು. ಮಾಲು ತಲುಪಿ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ತಲುಪಿದ ದಿನವೇ ಒಪ್ಪಿಗೆಯ ದಿನ ಎಂದು ಅದೇ ಕಾಯ್ದೆ ಹೇಳುತ್ತದೆ. ಆ ವಾಕ್ಯವನ್ನೇ ಕರಾರಿಗೆ ಸೇರಿಸಿದೆ.

ನಷ್ಟಭರ್ತಿ ಷರತ್ತಿನಲ್ಲಿ ಅರ್ಧವಷ್ಟೇ ದಕ್ಕಿತು. ಒಂದು ಎರಕ ಒಡೆದು ಅವರ ಇಡೀ ಲೈನು ನಿಂತರೆ ಆಗುವ ಪರೋಕ್ಷ ನಷ್ಟ ಇವರ ತಲೆಗೆ ಬೀಳುತ್ತಿತ್ತು. ಅದನ್ನು ತೆಗೆಸಿದೆ. ಆದರೆ ಮಾರಿದ ವಾಹನ ವಾಪಸ್ ಕರೆಸುವ ಖರ್ಚಿಗೆ ಮಿತಿ ಹಾಕಲು ಅವರು ಒಪ್ಪಲೇ ಇಲ್ಲ. ಆ ಸಾಲಿನ ಎದುರು 'ಇದು ಉಳಿದಿದೆ, ವಿಮೆ ವಿಚಾರಿಸಿ' ಎಂದು ಬರೆದೆ.

ಮಾಲೀಕರು ಹಾಳೆ ಓದಿ, ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಹಿ ಹಾಕಿದರು. ತಿಂಗಳಿಗೆ ಆರು ಸಾವಿರದಂತೆ ನನ್ನ ಶುಲ್ಕವೂ ಅವತ್ತೇ ಗೊತ್ತಾಯಿತು. ಹಾಳೆಯ ಜೆರಾಕ್ಸ್ ಈಗ ಅವರ ಡಿಸ್ಪ್ಯಾಚ್ ಬೀರುವಿನ ಬಾಗಿಲಿಗೆ ಅಂಟಿದೆ. ಲಾರಿ ಮಾಲು ಇಳಿಸಿದ ದಿನವನ್ನು ಅಲ್ಲಿಯ ಹುಡುಗ ಡೈರಿಯಲ್ಲಿ ಬರೆದು, ಹದಿನೈದನೇ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾನೆ.